ಮನೆ ಅಪ್ಪಯ್ಯನದು, ಪಾಲಿಸಿ ಯಾರ ಹೆಸರಲ್ಲಿ?

(ಶಿವಮೊಗ್ಗದಲ್ಲಿ ಅಡಿಕೆ ಬೆಳೆಗಾರ ಕುಟುಂಬಗಳ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿದೆ. ಅಪ್ಪ ಅಮ್ಮ ಊರಲ್ಲಿದ್ದು, ತಾವು ಬೆಂಗಳೂರಲ್ಲೋ ಇಲ್ಲೇ ಪೇಟೆಯಲ್ಲೋ ಕೆಲಸದಲ್ಲಿರುವವರು ಎಷ್ಟು ಜನ ಅಂತ. ಅರ್ಧಕ್ಕಿಂತ ಜಾಸ್ತಿ ಕೈಗಳು ಮೇಲೆ ಬಂದವು. ಇವತ್ತಿನ ಮಾತು ನಿಮಗಾಗಿ. ನಾನು ಬಹಳ ವರ್ಷ ಸಾಮಾನ್ಯ ವಿಮೆಯ ಕೆಲಸದಲ್ಲಿದ್ದವನು. ಬೆಂಕಿ, ಮಳೆ, ಧರೆ ಕುಸಿತ ಆದ ಮನೆಗಳಿಗೆ ಹೋಗಿ ನಿಂತವನು. ಹಣ ಸಿಗದೆ ಹೋದವರಲ್ಲಿ ಮೋಸಗಾರರು ಬಹಳ ಕಮ್ಮಿ. ಒಳ್ಳೆಯ ಮನಸ್ಸಿನಿಂದ ತಪ್ಪು ಕಾಗದ ಮಾಡಿಸಿದವರೇ ಜಾಸ್ತಿ. ಆ ತಪ್ಪು ಎಲ್ಲಿ ಆಗುತ್ತದೆ ಅನ್ನುವುದನ್ನಷ್ಟೇ ಇವತ್ತು ಬಿಡಿಸಿ ಹೇಳುತ್ತೇನೆ.

ಹೀಗೆ ಅಂದುಕೊಳ್ಳಿ. ತೀರ್ಥಹಳ್ಳಿ ಕಡೆ ಒಂದು ಮನೆ. ಜಂಬಿಟ್ಟಿಗೆ ಗೋಡೆ, ಮಂಗಳೂರು ಹಂಚು, ಒಳಗೆ ಮರದ ಅಟ್ಟ. ಮನೆಯ ಹಿಂದೆ ಹದಿನೈದು ಅಡಿ ಎತ್ತರದ ಧರೆ. ಅಪ್ಪ ಅಮ್ಮ ಇಬ್ಬರೇ ಇರುತ್ತಾರೆ. ಮಗ ಬೆಂಗಳೂರಲ್ಲಿ. ಆಷಾಢದ ಒಂದು ರಾತ್ರಿ ಟಿವಿಯಲ್ಲಿ ಮಳೆ ಸುದ್ದಿ ನೋಡಿ ಅವನಿಗೆ ನಿದ್ದೆ ಬರುವುದಿಲ್ಲ. ಮೊಬೈಲ್ ತೆಗೆದು ಹತ್ತೇ ನಿಮಿಷದಲ್ಲಿ ಮನೆಗೆ ವಿಮೆ ಮಾಡಿಸುತ್ತಾನೆ. ಹೆಸರು ಕೇಳಿದ ಕಡೆ ತನ್ನದೇ ಹೆಸರು, ಯಾಕೆಂದರೆ ಪ್ಯಾನ್ ಕಾರ್ಡು, ಬ್ಯಾಂಕ್ ಖಾತೆ ಎಲ್ಲಾ ಅವನದೇ. ವಿಳಾಸ ಊರ ಮನೆಯದು. ‘ಈ ಮನೆಯ ಮಾಲೀಕರು ನೀವೇನಾ?’ ಅಂತ ಬರುತ್ತದೆ. ‘ಹೌದು’ ಒತ್ತುತ್ತಾನೆ. ಮುಂದೆ, ‘ಈ ಹಿಂದೆ ಮನೆಗೆ ಹಾನಿ ಆಗಿತ್ತೇ?’ ಅವನಿಗೆ ಗೊತ್ತಿರುವ ಮಟ್ಟಿಗೆ ಇಲ್ಲ. ‘ಇಲ್ಲ’ ಒತ್ತುತ್ತಾನೆ. ದುಡ್ಡು ಕಟ್ಟಿ ಸಮಾಧಾನದಿಂದ ಮಲಗುತ್ತಾನೆ.

ಆ ‘ಹೌದು’ ಮತ್ತು ಆ ‘ಇಲ್ಲ’, ಈ ಎರಡು ಒತ್ತುಗಳಲ್ಲಿ ವಿಮೆಯ ಎರಡು ಬುಡದ ನಿಯಮಗಳು ಮುರಿದು ಬಿದ್ದವು. ಮೊದಲನೆಯದಕ್ಕೆ ವಿಮಾ ಹಿತಾಸಕ್ತಿ ಅನ್ನುತ್ತಾರೆ. ಎರಡನೆಯದಕ್ಕೆ ಪರಮ ವಿಶ್ವಾಸ.

ವಿಮಾ ಹಿತಾಸಕ್ತಿ ಅಂದರೆ ಏನು? ವಿಮೆ ಮಾಡಿಸುವ ವಸ್ತು ಹಾಳಾದರೆ ನಿಮಗೆ ಹಣದ ನಷ್ಟ ಆಗಬೇಕು. ಅದು ಉಳಿದರೆ ನಿಮಗೆ ಲಾಭ ಇರಬೇಕು. ಆ ನಷ್ಟ ಲಾಭ ಕಾನೂನು ಒಪ್ಪುವ ಸಂಬಂಧದಿಂದ ಬರಬೇಕು. ಮನೆಯ ಒಡೆಯನಿಗೆ ಅದು ಇದೆ. ಸಾಲ ಕೊಟ್ಟು ಮನೆಯನ್ನು ಅಡ ಇಟ್ಟುಕೊಂಡ ಬ್ಯಾಂಕಿಗೆ ಸಾಲದ ಬಾಕಿ ಇರುವಷ್ಟು ಇದೆ. ಬಾಡಿಗೆಗೆ ಇರುವವನಿಗೆ ತನ್ನ ಸಾಮಾನಿನ ಮೇಲೆ ಇದೆ. ದಾರಿಯಲ್ಲಿ ಹೋಗುವವನಿಗೆ ಇಲ್ಲ. ಪಕ್ಕದ ಮನೆಯವನ ಮನೆ ಬಿದ್ದರೆ ನನಗೆ ಹಣ ಬರಬೇಕು ಅಂತ ಒಪ್ಪಂದ ಮಾಡಿಕೊಂಡರೆ ಅದು ವಿಮೆ ಅಲ್ಲ, ಬಾಜಿ. 1872ರ ಭಾರತೀಯ ಒಪ್ಪಂದ ಕಾಯ್ದೆಯ 30ನೇ ಸೆಕ್ಷನ್ ಬಾಜಿಯ ಒಪ್ಪಂದಗಳು ಊರ್ಜಿತ ಅಲ್ಲ ಅನ್ನುತ್ತದೆ.

ಇಲ್ಲಿ ಮಕ್ಕಳು ಕೇಳುವ ಮಾತು ನನಗೆ ಗೊತ್ತು. ‘ಸಾರ್, ನಾನೇನು ದಾರಿಹೋಕನಾ? ಹುಟ್ಟಿ ಬೆಳೆದ ಮನೆ. ಹಂಚು ಬದಲಾಯಿಸಿದ್ದು ನನ್ನ ಸಂಬಳದಲ್ಲಿ. ನಾಳೆ ನನಗೇ ಬರುವ ಮನೆ.’ ಈ ಮಾತಿನಲ್ಲಿರುವ ಪ್ರೀತಿ ನಿಜ. ಆದರೆ ಕಾನೂನು ಪ್ರೀತಿಯನ್ನು ಅಳೆಯುವುದಿಲ್ಲ. ಇವತ್ತು, ಈ ಗಳಿಗೆಯಲ್ಲಿ, ಆ ಮನೆಯಲ್ಲಿ ನಿಮ್ಮ ಹಕ್ಕು ಏನಿದೆ ಅಂತ ಕೇಳುತ್ತದೆ. ಮನೆ ಅಪ್ಪನ ಸ್ವಯಾರ್ಜಿತ ಆಗಿದ್ದರೆ ಅವರು ನಾಳೆ ಅದನ್ನು ಮಾರಬಹುದು, ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಮುಂದೆ ಬರುತ್ತದೆ ಅನ್ನುವ ನಿರೀಕ್ಷೆ ಆಸ್ತಿ ಅಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 6ನೇ ಸೆಕ್ಷನ್ನಿನಲ್ಲೂ ವಾರಸುದಾರನ ಬರೀ ನಿರೀಕ್ಷೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ ಅಂತಲೇ ಇದೆ. ಹಂಚಿಗೆ ದುಡ್ಡು ಕೊಟ್ಟಿದ್ದು ಮಗ ಮಾಡಿದ ಕೆಲಸ. ಅದರಿಂದಷ್ಟೇ ಮನೆಯ ಪಾಲು ಅವನದಾಗುವುದಿಲ್ಲ.

ಈ ನಿಯಮ ಎಷ್ಟು ಬಿಗಿ ಅನ್ನುವುದಕ್ಕೆ ಒಂದು ಹಳೆಯ ಕೇಸು ಹೇಳುತ್ತೇನೆ. ನಾಟಾ ವ್ಯವಹಾರದ ಕೇಸು, ಹಾಗಾಗಿ ನಮ್ಮ ಕಡೆಯವರಿಗೆ ಬೇಗ ಅರ್ಥ ಆಗುತ್ತದೆ. ಉತ್ತರ ಐರ್ಲೆಂಡಿನಲ್ಲಿ ಮಕಾರಾ ಅನ್ನುವ ಜಮೀನುದಾರನಿದ್ದ. ತನ್ನ ಎಸ್ಟೇಟಿನ ಮರ ಪೂರ್ತಿ ಒಂದು ಕಂಪನಿಗೆ ಮಾರಿದ. ಆ ಕಂಪನಿಯ ಷೇರುಗಳೆಲ್ಲ ಹೆಚ್ಚುಕಮ್ಮಿ ಅವನವೇ. ಕಂಪನಿ ಅವನಿಗೆ ಹಣವನ್ನೂ ಕೊಡಬೇಕಿತ್ತು. ಅಂದರೆ ಮರ ಸುಟ್ಟರೆ ನಷ್ಟ ಆಗುವುದು ಅವನಿಗೇ ಅಂತ ಯಾರಾದರೂ ಹೇಳಿಯಾರು. ಆದರೆ ವಿಮೆಯನ್ನು ಅವನು ಕಂಪನಿಯ ಹೆಸರಲ್ಲಿ ಮಾಡಿಸಲಿಲ್ಲ, ತನ್ನ ಹೆಸರಲ್ಲಿ ಮಾಡಿಸಿದ. 1922ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಬಹುಪಾಲು ಮರ ಸುಟ್ಟುಹೋಯಿತು. ಕೇಸು ಆಗ ಅಲ್ಲಿನ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. 1925ರಲ್ಲಿ ತೀರ್ಪು ಬಂತು. ಮೋಸ ಮಾಡಿದ್ದಾನೆ ಅಂತ ಸಾಬೀತಾಗಲಿಲ್ಲ. ಆದರೂ ಒಂದು ಪೈಸೆ ಸಿಗಲಿಲ್ಲ. ಮರ ಕಂಪನಿಯದು, ಪಾಲಿಸಿ ಅವನದು, ಅಷ್ಟೇ ಕಾರಣ. ನಮ್ಮ ದೇಶದ ವಿಮೆಯ ಕಾನೂನು ಬೆಳೆದದ್ದು ಆ ಇಂಗ್ಲಿಷ್ ಕಾನೂನಿನ ಬುಡದಿಂದ. ಷೇರೆಲ್ಲಾ ಇದ್ದವನ ಗತಿಯೇ ಹೀಗಾದರೆ, ಬರೀ ‘ನಾಳೆ ಬರುತ್ತೆ’ ಅನ್ನುವವನ ಗತಿ ಊಹಿಸಿ.

ಹಾಗಾದರೆ ಮಗ ಏನು ಮಾಡಬೇಕು? ಉತ್ತರ ಬಹಳ ಸರಳ. ಪಾಲಿಸಿ ಮಾಲೀಕರ ಹೆಸರಲ್ಲಿರಲಿ. ಕಂತು ಮಗ ಕಟ್ಟಲಿ. ಕಂತು ಯಾರು ಕಟ್ಟಿದರು ಅನ್ನುವುದರಿಂದ ಹಿತಾಸಕ್ತಿ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ. ಫಾರಂನಲ್ಲಿ ಅಪ್ಪನ ಹೆಸರು, ಅಪ್ಪನ ಗುರುತಿನ ದಾಖಲೆ, ಅಪ್ಪನ ಬ್ಯಾಂಕ್ ಖಾತೆ. ಫೋನ್ ನಂಬರ್ ಮಾತ್ರ ಬೇಕಾದರೆ ಮಗನದು ಇರಲಿ, ಓಟಿಪಿ ಬರುವುದಕ್ಕೆ.

‘ಮಾಲೀಕರು ಯಾರು’ ಅನ್ನುವ ಪ್ರಶ್ನೆ ಮಾತ್ರ ನಮ್ಮ ಮಲೆನಾಡಿನಲ್ಲಿ ಅಷ್ಟು ಸರಳ ಅಲ್ಲ. ಇಲ್ಲಿ ಸ್ವಲ್ಪ ನಿಲ್ಲೋಣ. ಪಂಚಾಯ್ತಿಯ ಇ-ಸ್ವತ್ತು ದಾಖಲೆ, ಅಂದರೆ ನಮೂನೆ 9 ಮತ್ತು 11, ತೆಗೆದು ನೋಡಿ. ಎಷ್ಟೋ ಮನೆಗಳಲ್ಲಿ ಅದು ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ. ಪೌತಿ ಖಾತೆ ಮಾಡಿಸಿರುವುದಿಲ್ಲ. ಅಪ್ಪ ಆ ಮನೆಯಲ್ಲಿ ನಲವತ್ತು ವರ್ಷದಿಂದ ಇದ್ದಾರೆ, ಕಂದಾಯ ಕಟ್ಟುತ್ತಿದ್ದಾರೆ. ಆದರೆ ದೊಡ್ಡಪ್ಪನಿಗೂ ಅತ್ತೆಯಂದಿರಿಗೂ ಪಾಲು ಉಳಿದಿದ್ದರೆ, ಅಪ್ಪನ ಹಿತಾಸಕ್ತಿ ಇಡೀ ಮನೆಯ ಮೇಲೆ ಇದೆಯೇ, ಅವರ ಪಾಲಿನಷ್ಟು ಮಾತ್ರವೇ ಅನ್ನುವ ತಕರಾರು ಏಳುತ್ತದೆ. ಆಗ ಮಾಡಬೇಕಾದ್ದು, ಇದ್ದದ್ದನ್ನು ಇದ್ದ ಹಾಗೆ ಬರೆಯುವುದು. ಖಾತೆ ಅಜ್ಜನ ಹೆಸರಲ್ಲಿದೆ, ಅವರು ತೀರಿಹೋಗಿದ್ದಾರೆ, ವಾರಸುದಾರರು ಇಂತಿಂಥವರು ಅಂತ ವಂಶವೃಕ್ಷದ ಜೊತೆ ಕೊಟ್ಟು, ಪಾಲಿಸಿಯನ್ನು ಎಲ್ಲಾ ವಾರಸುದಾರರ ಹೆಸರಲ್ಲಿ ಕೇಳುವುದು. ಖಾತೆ ಕಂದಾಯದ ದಾಖಲೆ, ಅದೇ ಹಕ್ಕುಪತ್ರ ಅಲ್ಲ ಅನ್ನುವುದೂ ನೆನಪಿರಲಿ. ಕ್ರಯಪತ್ರ, ವಿಭಾಗಪತ್ರ ಇದ್ದರೆ ಅದರ ನಕಲು ಕೂಡ ಜೊತೆಗಿಡಿ.

ಮಗನಿಗೆ ನಿಜವಾಗಿ ಹಕ್ಕಿರುವ ಸಂದರ್ಭಗಳೂ ಇವೆ. ಮನೆ ಪಾಲಾಗದ ಪಿತ್ರಾರ್ಜಿತ ಆಸ್ತಿ ಆಗಿದ್ದರೆ ಹಿಂದೂ ಕುಟುಂಬದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲು ಇರುತ್ತದೆ. ಮಗಳಿಗೂ ಅಷ್ಟೇ ಪಾಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಇಡೀ ದೇಶಕ್ಕೆ ಅದನ್ನು ತಂದಿತು, ಕರ್ನಾಟಕದಲ್ಲಿ ಅದಕ್ಕೂ ಮೊದಲೇ 1994ರಲ್ಲಿ ಒಂದು ತಿದ್ದುಪಡಿ ಬಂದಿತ್ತು. ಆದರೆ ‘ಅಜ್ಜನ ಮನೆ’ ಅಂದ ಕೂಡಲೇ ಪಿತ್ರಾರ್ಜಿತ ಅಂದುಕೊಳ್ಳಬೇಡಿ. ಅಜ್ಜ ಸ್ವಂತ ದುಡಿಮೆಯಿಂದ ಕಟ್ಟಿದ ಮನೆ, ಉಯಿಲು ಬರೆಯದೆ ತೀರಿಕೊಂಡ ಮೇಲೆ ಅದೇ 1956ರ ಕಾಯ್ದೆಯಂತೆ ಅಪ್ಪನಿಗೆ ಬಂದಿದ್ದರೆ, ಅದು ಅಪ್ಪನ ಸ್ವಂತ ಆಸ್ತಿಯಂತೆಯೇ. ಅಪ್ಪ ದಾನಪತ್ರ ಮಾಡಿ ಒಂದು ಭಾಗ ಕೊಟ್ಟಿದ್ದರೆ ಆ ಭಾಗಕ್ಕೆ ಮಗ ಒಡೆಯ. ಇಂಥ ಕಡೆ ಪಾಲಿಸಿ ಜಂಟಿ ಹೆಸರಲ್ಲಿರಲಿ. ಇನ್ನು ಮನೆಯಲ್ಲಿ ಇಟ್ಟ ಮಗನ ಸ್ವಂತ ಸಾಮಾನು, ಅವನ ಲ್ಯಾಪ್‌ಟಾಪು, ಅವನು ಕೊಂಡು ತನ್ನದಾಗಿಯೇ ಇಟ್ಟುಕೊಂಡ ಪೀಠೋಪಕರಣ, ಅದಕ್ಕೆ ಅವನ ಹೆಸರಲ್ಲೇ ವಿಮೆ ಮಾಡಿಸಬಹುದು. ಅದು ಅವನದೇ ತಾನೇ.

ಇಷ್ಟು ಹೆಸರಿನ ಮಾತು. ಈಗ ಆ ‘ಇಲ್ಲ’ದ ಮಾತಿಗೆ ಬರೋಣ.

ಪೇಟೆಯಲ್ಲಿ ದನ ಕೊಳ್ಳುವಾಗ ಹಲ್ಲು ನೋಡುತ್ತೀರಿ, ಕೆಚ್ಚಲು ಮುಟ್ಟಿ ನೋಡುತ್ತೀರಿ. ನೋಡಿ ಕೊಳ್ಳುವುದು ಕೊಳ್ಳುವವನ ಹೊಣೆ. ವಿಮೆಯಲ್ಲಿ ಹಾಗಲ್ಲ. ಇಪ್ಪತ್ತೈದು ಲಕ್ಷದ ಮನೆಗೆ ಕೆಲವೇ ಸಾವಿರ ಕಂತು ತೆಗೆದುಕೊಳ್ಳುವ ಕಂಪನಿ ಪ್ರತಿ ಮನೆಯ ಅಟ್ಟ ಹತ್ತಿ ನೋಡಲಾರದು. ಮನೆಯ ಗುಟ್ಟು ಗೊತ್ತಿರುವುದು ಮನೆಯವರಿಗೆ. ಅದಕ್ಕೇ ಕಾನೂನು ಮನೆಯವರ ಮೇಲೆ ಒಂದು ದೊಡ್ಡ ಹೊಣೆ ಹೊರಿಸಿದೆ. ಅಪಾಯದ ಅಂದಾಜಿಗೆ ಬೇಕಾದ ಸಂಗತಿಗಳನ್ನು ನೀವಾಗಿಯೇ ಹೇಳಬೇಕು. ಇದೇ ಪರಮ ವಿಶ್ವಾಸ. 1766ರಲ್ಲಿ ಸುಮಾತ್ರಾದ ಒಂದು ಕೋಟೆಯ ವಿಮೆಯ ಕೇಸಿನಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅನ್ನುವ ನ್ಯಾಯಾಧೀಶರು ಈ ನಿಯಮ ಹೇಳಿದರು. ಅದರ ಇನ್ನೊಂದು ಮಗ್ಗುಲನ್ನೂ ಅಲ್ಲೇ ಹೇಳಿದರು. ಕಂಪನಿಯವರು ತಾವೇ ತಿಳಿದಿರಬೇಕಾದ ಸಂಗತಿಯನ್ನು ನೀವು ಹೇಳಬೇಕಿಲ್ಲ. ಆ ಕೇಸಿನಲ್ಲಿ ಗೆದ್ದದ್ದು ವಿಮೆ ಮಾಡಿಸಿದವನೇ.

ಆಗುಂಬೆ ಕಡೆ ಮಳೆ ಜಾಸ್ತಿ ಅಂತ ಫಾರಂನಲ್ಲಿ ಬರೆಯಬೇಕಿಲ್ಲ. ಅದು ಲೋಕಕ್ಕೇ ಗೊತ್ತು. ಆದರೆ ‘ಹೋದ ವರ್ಷ ನಮ್ಮ ಮನೆ ಹಿಂದಿನ ಧರೆಯಲ್ಲಿ ಬಿರುಕು ಬಿಟ್ಟಿತ್ತು’ ಅನ್ನುವುದು ನಿಮಗೆ ಮಾತ್ರ ಗೊತ್ತು. ಅದನ್ನು ಹೇಳಲೇಬೇಕು.

ತೊಡಕು ಇರುವುದು ಇಲ್ಲೇ. ಫಾರಂ ತುಂಬುವವನು ಮಗ, ಸಂಗತಿ ಗೊತ್ತಿರುವುದು ಅಪ್ಪ ಅಮ್ಮನಿಗೆ. ಹಿಂದಿನ ಮಳೆಗಾಲದಲ್ಲಿ ಧರೆಯಿಂದ ಎರಡು ಬುಟ್ಟಿ ಮಣ್ಣು ಜಾರಿತ್ತು. ಮಗ ಸುಮ್ನೆ ಹೆದರುತ್ತಾನೆ ಅಂತ ಅಮ್ಮ ಫೋನಿನಲ್ಲಿ ಹೇಳಲೇ ಇಲ್ಲ. ಬಚ್ಚಲು ಮನೆ ಗೋಡೆ ಉಬ್ಬಿದ್ದನ್ನು ಅಪ್ಪ ಸಿಮೆಂಟು ಬಳಿಸಿ ಮುಚ್ಚಿಸಿದ್ದರು. ಪಾಲಿಸಿ ಅಪ್ಪನ ಹೆಸರಲ್ಲಿದ್ದರೆ, ಫಾರಂನ ಮಾತು ಅಪ್ಪನ ಮಾತು. ‘ನನ್ನ ಮಗ ತುಂಬಿದ್ದು, ನನಗೆ ಗೊತ್ತಿಲ್ಲ’ ಅನ್ನುವುದು ನಡೆಯುವುದಿಲ್ಲ. ಅಪ್ಪನಿಗೆ ಗೊತ್ತಿತ್ತಲ್ಲ, ಅದೇ ಲೆಕ್ಕ.

ಅದಕ್ಕೆ ನಾನು ಎಲ್ಲರಿಗೂ ಹೇಳುವುದು ಇಷ್ಟು. ಬೆಂಗಳೂರಲ್ಲಿ ಕೂತು ರಾತ್ರಿ ಹನ್ನೊಂದಕ್ಕೆ ಫಾರಂ ತುಂಬಬೇಡಿ. ಊರಿಗೆ ಬಂದಾಗ ಅಪ್ಪ ಅಮ್ಮನ ಜೊತೆ ಮನೆಯ ಸುತ್ತ ಒಂದು ಸುತ್ತು ಬನ್ನಿ. ಕೊಟ್ಟಿಗೆ ಮನೆಗೆ ತಾಗಿಕೊಂಡಿದೆಯಾ, ಅದರ ಮಾಡು ಸೋಗೆಯದಾ ಹಂಚಿನದಾ? ಅಡಿಕೆ ಬೇಯಿಸುವ ಒಲೆ ಎಲ್ಲಿದೆ? ಹುಲ್ಲಿನ ಬಣವೆ ಎಷ್ಟು ದೂರ? ಮೇಲಿನ ಕೋಣೆಯನ್ನು ಹೋಂಸ್ಟೇಗೆ ಕೊಡುತ್ತೀರಾ? ಮನೆಯನ್ನು ತಿಂಗಳುಗಟ್ಟಲೆ ಬೀಗ ಹಾಕಿ ಬೆಂಗಳೂರಿಗೆ ಬರುತ್ತೀರಾ? ಹಳೆಯ ಸ್ಟ್ಯಾಂಡರ್ಡ್ ಬೆಂಕಿ ಪಾಲಿಸಿಯಲ್ಲಿ 30 ದಿನಕ್ಕಿಂತ ಜಾಸ್ತಿ ಮನೆ ಖಾಲಿ ಇದ್ದು, ಕಂಪನಿಗೆ ಹೇಳಿ ಒಪ್ಪಿಗೆ ಪಡೆಯದಿದ್ದರೆ ರಕ್ಷಣೆ ನಿಂತುಹೋಗುತ್ತಿತ್ತು. ನಿಮ್ಮ ಪಾಲಿಸಿಯಲ್ಲಿ ಏನಿದೆ ಅಂತ ಓದಿ ನೋಡಿ. ಆಮೇಲೆ ಧರೆ. ಯಾವಾಗ ಜಾರಿತ್ತು, ಎಷ್ಟು ಜಾರಿತ್ತು, ಯಾರು ಕಡಿದದ್ದು?

ಯಾರು ಕಡಿದದ್ದು ಅಂತ ಯಾಕೆ ಕೇಳಿದೆ ಅಂದರೆ, ಇದರಲ್ಲಿ ಇನ್ನೊಂದು ಕಗ್ಗಂಟಿದೆ. 2021ರ ಏಪ್ರಿಲ್ 1ರಿಂದ ಬೆಂಕಿ ವಿಮೆ ಕೊಡುವ ಎಲ್ಲಾ ಸಾಮಾನ್ಯ ವಿಮಾ ಕಂಪನಿಗಳು ಭಾರತ ಗೃಹ ರಕ್ಷಾ ಅನ್ನುವ ಒಂದೇ ನಮೂನೆಯ ಮನೆ ಪಾಲಿಸಿ ಕೊಡುತ್ತಿವೆ. ಅದರಲ್ಲಿ ಬೆಂಕಿ, ಸಿಡಿಲು, ಬಿರುಗಾಳಿ, ನೆರೆ ಜೊತೆಗೆ ಭೂಕುಸಿತವೂ ಸೇರಿದೆ. ಆದರೆ ಭೂಕುಸಿತದ ಕೆಳಗೆ ಕೆಲವು ಹೊರತುಗಳಿವೆ. ತುಂಬಿದ ಮಣ್ಣು ಕೂತು ಆದ ಹಾನಿ, ಕೆಟ್ಟ ಕಟ್ಟಡದ ಕೆಲಸದಿಂದ ಆದ ಹಾನಿ, ಅಗೆತದಿಂದ ಆದ ಹಾನಿ, ಇವಕ್ಕೆ ಹಣ ಇಲ್ಲ. ಅಂಗಳ ದೊಡ್ಡದು ಮಾಡಬೇಕು ಅಂತ ಬೇಸಿಗೆಯಲ್ಲಿ ಜೆಸಿಬಿ ತಂದು ಧರೆಯ ಬುಡ ಕಡಿಸಿ, ಮಳೆಗಾಲದಲ್ಲಿ ಅದು ಕುಸಿದರೆ, ಹಾನಿಯ ಅಂದಾಜು ಮಾಡಲು ಬರುವ ವಿಮೆಯ ಸರ್ವೇಯರ್ ಮೊದಲು ನೋಡುವುದು ಆ ಹಸಿ ಕಡಿತವನ್ನೇ. ನೀವು ಎಲ್ಲಾ ಸತ್ಯ ಹೇಳಿದ್ದರೂ ಈ ಹೊರತು ಹೋಗುವುದಿಲ್ಲ. ಧರೆ ಕಡಿಸುವ ಮೊದಲು ತಡೆಗೋಡೆಯ ಯೋಚನೆ ಮಾಡಿ. ವಿಮೆ ಅದರ ಬದಲು ಅಲ್ಲ.

ಈಗ ನಮ್ಮ ತೀರ್ಥಹಳ್ಳಿ ಮನೆಗೆ ಲೆಕ್ಕ ಹಾಕೋಣ. ಒಳಗಿನ ಕಾರ್ಪೆಟ್ ಏರಿಯಾ 1,400 ಚದರಡಿ ಅಂದುಕೊಳ್ಳಿ. ಇವತ್ತು ಅಂಥದ್ದೇ ಮನೆ ಕಟ್ಟಲು ಚದರಡಿಗೆ 1,800 ರೂಪಾಯಿ ಅಂದುಕೊಳ್ಳಿ. ವಿಮೆಯ ಮೊತ್ತ 25 ಲಕ್ಷ 20 ಸಾವಿರ. ತೋಟ, ಜಾಗ ಸೇರಿ ಅದಕ್ಕೆ ಎಂಬತ್ತು ಲಕ್ಷ ಬೆಲೆ ಇರಬಹುದು, ಅದು ಇಲ್ಲಿ ಬೇಡ. ನೆಲ ಸುಡುವುದಿಲ್ಲ. ಈ ಪಾಲಿಸಿಯಲ್ಲಿ ಮನೆ ಸಾಮಾನಿಗೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು ತಾನಾಗಿಯೇ ಸೇರುತ್ತದೆ, ಗರಿಷ್ಠ 10 ಲಕ್ಷ. ಇಲ್ಲಿ ಅದು 5 ಲಕ್ಷ 4 ಸಾವಿರ.

ಜುಲೈನಲ್ಲಿ ಧರೆ ಕುಸಿಯಿತು. ಬಚ್ಚಲು ಮನೆ ನೆಲಸಮ, ಅಡುಗೆ ಮನೆಯ ಹಿಂದಿನ ಗೋಡೆ ಹೋಯಿತು. ಕಟ್ಟಡದ ರಿಪೇರಿಗೆ 4 ಲಕ್ಷ 60 ಸಾವಿರ. ಫ್ರಿಜ್ಜು, ಗ್ರೈಂಡರ್, ಪಾತ್ರೆ ಪಗಡೆ ಸೇರಿ 60 ಸಾವಿರ. ಹಿಂದಿನ ಕೋಣೆಯಲ್ಲಿದ್ದ ಮಾರುವ ಅಡಿಕೆಯ ಮೂಟೆಗಳೂ ನೆನೆದು ಹಾಳಾದವು.

ಪಾಲಿಸಿ ಮಗನ ಹೆಸರಲ್ಲಿದ್ದರೆ ಸರ್ವೇಯರ್ ಖಾತೆಯ ನಕಲು ಕೇಳುತ್ತಾನೆ. ಎರಡು ಹೆಸರು ಬೇರೆ. ಕಟ್ಟಡದ ಕ್ಲೇಮು ಅಲ್ಲಿಗೇ ನಿಲ್ಲುತ್ತದೆ. ಮಗನಿಗೆ ಹಿತಾಸಕ್ತಿ ಇಲ್ಲ, ಹಿತಾಸಕ್ತಿ ಇರುವ ಅಪ್ಪನ ಹೆಸರು ಪಾಲಿಸಿಯಲ್ಲಿ ಇಲ್ಲ. ಪಾಲಿಸಿ ಅಪ್ಪನ ಹೆಸರಲ್ಲೇ ಇದ್ದು, ಹಿಂದಿನ ವರ್ಷದ ಕುಸಿತ ಮುಚ್ಚಿಟ್ಟಿದ್ದರೆ, ಪಕ್ಕದ ಮನೆಯವರ ಒಂದು ಮಾತು, ಗೋಡೆಯ ಹಳೆ ಸಿಮೆಂಟು, ಪರಿಹಾರಕ್ಕೆ ಹಿಂದೆ ಗ್ರಾಮ ಲೆಕ್ಕಿಗರಿಗೆ ಕೊಟ್ಟ ಒಂದು ಅರ್ಜಿ, ಯಾವುದರಿಂದಲಾದರೂ ಅದು ಹೊರಗೆ ಬರುತ್ತದೆ. ಮುಖ್ಯ ಸಂಗತಿ ಮುಚ್ಚಿಟ್ಟಿದ್ದಾರೆ ಅಂತ ಕಂಪನಿ ನಿರಾಕರಿಸಬಹುದು.

ಅಪ್ಪನ ಹೆಸರಲ್ಲಿ ಪಾಲಿಸಿ ಮಾಡಿಸಿ, ‘ಹಿಂದಿನ ವರ್ಷ ಆಗಸ್ಟಿನಲ್ಲಿ ಧರೆಯಿಂದ ಸ್ವಲ್ಪ ಮಣ್ಣು ಜಾರಿತ್ತು, ಬಚ್ಚಲ ಗೋಡೆ ಉಬ್ಬಿ ರಿಪೇರಿ ಮಾಡಿಸಿದ್ದೇವೆ’ ಅಂತ ಬರೆದಿದ್ದರೆ? ಕಂಪನಿಯವರು ಬಂದು ನೋಡಬಹುದಿತ್ತು. ಕಂತು ಜಾಸ್ತಿ ಕೇಳಬಹುದಿತ್ತು. ಬೇಡ ಅನ್ನಲೂಬಹುದಿತ್ತು. ಆದರೆ ಅದನ್ನು ಓದಿ ಒಪ್ಪಿಕೊಂಡ ಮೇಲೆ, ಕುಸಿತದ ದಿನ ‘ನಮಗೆ ಹೇಳಲಿಲ್ಲ’ ಅನ್ನಲು ಬರುವುದಿಲ್ಲ. ಆಗ ಕಟ್ಟಡಕ್ಕೂ ಸಾಮಾನಿಗೂ ಹಣ ಬರುವ ದಾರಿ ತೆರೆದಿರುತ್ತದೆ. ಅಡಿಕೆಗೆ ಮಾತ್ರ ಬರುವುದಿಲ್ಲ. ಮಾರುವ ಅಡಿಕೆ ಮನೆ ಸಾಮಾನಲ್ಲ, ವ್ಯಾಪಾರದ ದಾಸ್ತಾನು. ಅದಕ್ಕೆ ಬೇರೆ ಪಾಲಿಸಿ ಬೇಕು.

ಏಜೆಂಟರ ಬಗ್ಗೆಯೂ ಒಂದು ಮಾತು. ‘ಅದೆಲ್ಲಾ ಬರೆಯೋದು ಬೇಡ ಬಿಡಿ, ಸುಮ್ನೆ ಸಹಿ ಹಾಕಿ’ ಅನ್ನುವವರಿದ್ದಾರೆ. ಖಾಲಿ ಫಾರಂಗೆ ಸಹಿ ಹಾಕಬೇಡಿ. ಪರಮ ವಿಶ್ವಾಸ ಎರಡೂ ಕಡೆಯವರಿಗೆ ಸೇರಿದ್ದು. 1996ರಲ್ಲಿ ಎಂ.ಕೆ.ಜೆ. ಕಾರ್ಪೊರೇಷನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಕಂಪನಿ ಮತ್ತು ಅದರ ಏಜೆಂಟರು ಕೂಡ ತಮಗೆ ಗೊತ್ತಿರುವ ಮುಖ್ಯ ಸಂಗತಿಗಳನ್ನು ಹೇಳಬೇಕು. ಹೊರತುಗಳನ್ನು ತೋರಿಸಿ ಅಂತ ನೀವು ಕೇಳಬಹುದು. ತುಂಬಿದ ಫಾರಂನ ನಕಲು ಕೇಳಿ ಪಡೆದು, ಪಾಲಿಸಿಯ ಜೊತೆಯಲ್ಲೇ ಇಡಿ. ಬಾಯಲ್ಲಿ ಹೇಳಿದ್ದು ಕುಸಿತದ ದಿನ ಯಾರಿಗೂ ನೆನಪಿರುವುದಿಲ್ಲ.

ಮಾತು ಮುಗಿದ ಮೇಲೆ ಹೊಸನಗರದ ಕಡೆಯ ಒಬ್ಬ ಹುಡುಗ ಕೇಳಿದ: ‘ಸಾರ್, ನಾನು ಆಗಲೇ ನನ್ನ ಹೆಸರಲ್ಲಿ ಮಾಡಿಸಿಬಿಟ್ಟಿದ್ದೀನಿ. ಏನ್ ಮಾಡ್ಲಿ?’

ಇವತ್ತೇ ಕಂಪನಿಗೆ ಇಮೇಲ್ ಬರಿ ಅಂದೆ. ಮನೆ ತಂದೆಯವರದು, ತಪ್ಪಾಗಿ ನನ್ನ ಹೆಸರು ಬಂದಿದೆ, ಸರಿಪಡಿಸಿಕೊಡಿ ಅಂತ. ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ತಿದ್ದುಪಡಿ ಪತ್ರ, ಮಾಡಿ ಹೆಸರು ಬದಲಾಯಿಸುತ್ತಾರಾ ನೋಡು. ಆಗಲ್ಲ ಅಂದರೆ ಅಪ್ಪಯ್ಯನ ಹೆಸರಲ್ಲಿ ಹೊಸ ಪಾಲಿಸಿ ಶುರು ಮಾಡಿಸಿ, ಆಮೇಲೆ ಹಳೆಯದನ್ನು ರದ್ದು ಮಾಡಿಸು. ನಡುವೆ ಒಂದು ದಿನವೂ ಖಾಲಿ ಬಿಡಬೇಡ. ಬೆಂಕಿ ವಿಮೆಯಲ್ಲಿ ಹಿತಾಸಕ್ತಿ ಪಾಲಿಸಿ ಮಾಡಿಸುವ ದಿನವೂ ಇರಬೇಕು, ನಷ್ಟದ ದಿನವೂ ಇರಬೇಕು. ಮನೆ ಬಿದ್ದ ಮೇಲೆ ಅಪ್ಪಯ್ಯನಿಂದ ದಾನಪತ್ರ ಬರೆಸಿಕೊಂಡರೆ ಉಪಯೋಗ ಇಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾಯಿ ಆಮೇಲೆ ಮೆಲ್ಲಗೆ ಕೇಳಿದರು. ‘ನಮ್ಮನೆಯವರು ಹೋಗಿ ಎರಡು ವರ್ಷ ಆಯ್ತು. ಮಗ ಅವರ ಹೆಸರಲ್ಲೇ ಪ್ರತಿ ವರ್ಷ ರಿನ್ಯೂ ಮಾಡ್ತಾ ಇದಾನೆ. ಪರವಾಗಿಲ್ವಾ?’

ಅಮ್ಮಾ, ಅವರು ಹೋದಾಗ ಚಾಲ್ತಿಯಲ್ಲಿದ್ದ ಪಾಲಿಸಿ ಅದರ ಅವಧಿ ಮುಗಿಯುವ ತನಕ ವಾರಸುದಾರರನ್ನು ಕಾಯುತ್ತದೆ. ಉಯಿಲಿನಿಂದಲೋ ಕಾನೂನಿನಿಂದಲೋ ಹಕ್ಕು ಬಂದರೆ ಪಾಲಿಸಿ ನಿಲ್ಲುವುದಿಲ್ಲ. ಆದರೆ ಆಮೇಲಿನ ರಿನ್ಯೂವಲ್ ಹೊಸ ಒಪ್ಪಂದ. ತೀರಿಹೋದವರ ಹೆಸರಲ್ಲಿ ಒಪ್ಪಂದ ಆಗುವುದಿಲ್ಲ. ನಾಮಿನಿ ಅಂತ ನಿಮ್ಮ ಹೆಸರಿದ್ದರೂ ಅದರಿಂದ ಮನೆ ನಿಮ್ಮದಾಗುವುದಿಲ್ಲ. ಮಗನಿಗೆ ಹೇಳಿ: ಮರಣ ಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆಗೆ ಅರ್ಜಿ ಹಾಕಲಿ. ಅದು ಆಗುವ ತನಕ ಕಾಯದೆ, ನಿಮ್ಮ ಮತ್ತು ಮಕ್ಕಳೆಲ್ಲರ ಹೆಸರಲ್ಲಿ, ವಾರಸುದಾರರು ಅಂತ ಬರೆದು, ಪಾಲಿಸಿ ಕೇಳಲಿ. ಹೆಣ್ಣುಮಕ್ಕಳ ಹೆಸರು ಬಿಡಬೇಡಿ.

ಅವರು ಮಗನ ನಂಬರ್ ಒತ್ತಿ ಫೋನನ್ನು ನನ್ನ ಕೈಗೇ ಕೊಟ್ಟರು. ಪಾಲಿಸಿಯ ಮೊದಲ ಪುಟದಲ್ಲಿ ಯಾರ ಹೆಸರಿದೆ ಅಂತ ಓದಿ ಹೇಳು ಅಂತ ಕೇಳಿದೆ.